‘ಟೆಂಪರೇಚರ್ ಇಲ್ಲ’ ಅಂದರೆ ಏನರ್ಥ? ಮೈಬಿಸಿ 35ಕ್ಕಿಂತ ಇಳಿದಾಗ ಏನನ್ನೋಣ?

ಸ್ನೇಹಿತರೆ,

ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೈಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವುದಕ್ಕೆ ಡಾಕ್ಟರುಗಳು ಹೇಳುವ ಹೈಪೋಥರ್ಮಿಯಾ ಎಂಬ ಪದದ ಹತ್ತಿರ ಬಂದು ನಿಂತಿದ್ದೇನೆ. ‘ಅಲ್ಪೋಷ್ಣತೆ’ ಅಂತ ಬರೆದು ಅಳಿಸಿದೆ. ಯಾರಿಗೂ ಅರ್ಥವಾಗಲ್ಲ.

ಪದದ ಚಿಂತೆ ಹತ್ತಿದ್ದು ನಮ್ಮ ಮನೆಯಲ್ಲೇ. ಮಡಿಕೇರಿ, ಜುಲೈ ಮಳೆ. 78ರ ಅತ್ತೆ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದು, ಒದ್ದೆ ಸೀರೆಯಲ್ಲೇ ಬೆಳಗಿನ ತನಕ ನೆಲದ ಮೇಲಿದ್ದರು. ಮಾತು ತೊದಲುತ್ತಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 34.3. ನೋಡಿದ ಚಿಕ್ಕಮ್ಮ, “ಟೆಂಪರೇಚರ್ ಏನೂ ಇಲ್ಲ, ಸುಸ್ತಾಗಿದೆ, ಮಲಗಲಿ ಬಿಡು” ಅಂದರು. ನಮ್ಮ ಮಾತಿನಲ್ಲಿ ಟೆಂಪರೇಚರ್ ಅಂದರೆ ಜ್ವರ, ಅಲ್ವಾ? ಅದು ಇಲ್ಲ ಅಂದರೆ ನೆಮ್ಮದಿ. ಇಳಿದಿದೆ ಅನ್ನೋದಕ್ಕೆ ಮಾತೇ ಇಲ್ಲದ್ದರಿಂದ ಒಂದು ಗಂಟೆ ಸುಮ್ನೆ ಹೋಯಿತು. ಆಮೇಲೆ ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು. ನಿಮ್ಮ ಕಡೆ ಇದಕ್ಕೆ ಏನಂತಾರೆ?

ತುಮಕೂರಿನಿಂದ:

‘ಶೀತ ಹಿಡಿದಿದೆ’ ಅಂತ ಬರೆಯಿರಿ, ಎಲ್ಲರಿಗೂ ತಿಳಿಯುತ್ತೆ. ನಮ್ಮ ಅಜ್ಜಿ ಅಂಗಾಲು ಅಂಗೈ ಚೆನ್ನಾಗಿ ತಿಕ್ಕಿ, ಒಂದು ಚಮಚ ಬ್ರಾಂದಿ ಕುಡಿಸುತ್ತಿದ್ದರು. ಒದ್ದೆ ಬಟ್ಟೆಯನ್ನು ಮೊದಲು ತೆಗೆಯಬೇಕು, ಅದನ್ನು ಮರೆಯಬೇಡಿ.

ಶಿವಮೊಗ್ಗದಿಂದ:

ಮೂವತ್ತು ವರ್ಷ ನರ್ಸ್ ಆಗಿದ್ದೆ. ತುಮಕೂರಿನವರೇ, ಒದ್ದೆ ಬಟ್ಟೆಯ ಮಾತು ಸರಿ. ಉಳಿದೆರಡು ಬೇಡ. ಬ್ರಾಂದಿ ಕುಡಿದರೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ. ಮೈ ಬೆಚ್ಚಗಾದ ಹಾಗೆ ಅನಿಸುತ್ತೆ, ಆದರೆ ಒಳಗಿನ ಬಿಸಿ ಹೊರಗೆ ಹೋಗುತ್ತೆ. ಕೈಕಾಲು ತಿಕ್ಕಬಾರದು. ಹೊರಗಿನ ತಣ್ಣನೆಯ ರಕ್ತ ಎದೆಯ ಕಡೆ ನುಗ್ಗಿದರೆ ಹೃದಯಕ್ಕೆ ಕಷ್ಟ. ‘ಶೀತ’ ಅಂತೂ ಬೇಡವೇ ಬೇಡ. ಓದಿದವರು ಮೂಗಿಗೆ ವಿಕ್ಸ್ ಹಚ್ಚುತ್ತಾರೆ.

ಗುರುತಿಸೋದಕ್ಕೆ ಕೈಕಾಲು ಮುಟ್ಟಿದರೆ ಸಾಲದು, ಚಳಿಗೆ ಎಲ್ಲರ ಕೈಯೂ ತಣ್ಣಗಿರುತ್ತೆ. ಬಟ್ಟೆಯ ಒಳಗೆ ಹೊಟ್ಟೆಯ ಮೇಲೆ ಅಂಗೈ ಇಡಿ. ಅಲ್ಲೂ ತಣ್ಣಗಿದ್ದರೆ ಗಂಭೀರ. ಶುರುವಿನಲ್ಲಿ ಗಡಗಡ ನಡುಕ ಇರುತ್ತೆ. ಆಮೇಲೆ ಮಾತು ತೊದಲುತ್ತೆ, ಗುಂಡಿ ಹಾಕಿಕೊಳ್ಳಲು ಬರಲ್ಲ, ಮಂಪರು ಬರುತ್ತೆ. ಮೈ ತಣ್ಣಗಿದ್ದೂ ನಡುಕ ನಿಂತಿತು ಅಂದರೆ ವಾಸಿ ಆಯಿತು ಅಂತ ತಿಳಿಯಬೇಡಿ. ನಡುಗುವ ಶಕ್ತಿಯೇ ಮುಗಿದಿದೆ ಅಂತ. ಕೆಲವು ವಯಸ್ಸಾದವರಿಗೆ ನಡುಕ ಬರೋದೇ ಇಲ್ಲ.

ಟೊರಾಂಟೊದಿಂದ:

ನನಗೆ ದಿನಾ 34.8 ಬರುತ್ತೆ! ಆಫೀಸಿಗೆ ಹೋಗುತ್ತೇನೆ, ಆರಾಮಾಗಿದ್ದೇನೆ. ನನಗೂ ಈ ಕಾಯಿಲೆ ಇದೆಯೇ? ಒಮ್ಮೆ ‘Lo’ ಅಂತ ಬಂತು, ಬ್ಯಾಟರಿ ಬದಲಿಸಿದೆ.

ಶಿವಮೊಗ್ಗದಿಂದ:

ಸರ್, ಕಂಕುಳು ಬೆವರಿದ್ದರೆ, ತೋಳು ಸಡಿಲವಾಗಿದ್ದರೆ, ಹೊರಗಿಂದ ಆಗಷ್ಟೇ ಬಂದಿದ್ದರೆ ಕಡಿಮೆ ಬರುತ್ತೆ. ಕಂಕುಳಿನ ಅಳತೆ ಒಳಗಿನದಕ್ಕಿಂತ ಅರ್ಧ ಡಿಗ್ರಿಯೋ ಇನ್ನೂ ಜಾಸ್ತಿಯೋ ಕಡಿಮೆಯೇ. ಒರೆಸಿಕೊಂಡು, ಬೆಚ್ಚಗೆ ಕೂತು, ನಾಲಿಗೆಯ ಕೆಳಗಿಟ್ಟು ನೋಡಿ. ಆಗಲೂ 35ರ ಕೆಳಗೇ ಇದ್ದರೆ ಡಾಕ್ಟರಿಗೆ ತೋರಿಸಿ, ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗಬಹುದು. ‘Lo’ ಬ್ಯಾಟರಿಯ ಗುರುತಲ್ಲ. ಉಪಕರಣ ಅಳೆಯುವ ಮಿತಿಗಿಂತ ಕೆಳಗಿದೆ ಅಂತ, ಅದು ಹೆಚ್ಚಿನವುಗಳಲ್ಲಿ 32. ಹಳೇ ಪಾದರಸದ್ದಕ್ಕೆ ಸಾಮಾನ್ಯವಾಗಿ 35ರಿಂದಲೇ ಗೀಟು ಶುರು. ಅದರಲ್ಲಿ 34 ಕಾಣಿಸೋದೇ ಇಲ್ಲ.

ಶಿರಸಿಯಿಂದ:

ನಮ್ಮಲ್ಲಿ ‘ಮೈ ತಣ್ಣಗಾಯ್ತು’ ಅಂದರೆ ಜೀವ ಹೋಯಿತು ಅಂತ. ರೋಗಿಯ ಮುಂದೆ ಯಾರೂ ಆಡಲ್ಲ. ‘ಹೊಟ್ಟೆ ತಣ್ಣಗಿರಲಿ’ ಅಂತ ಹರಸುವವರೂ ನಾವೇ. ಹಾಗಾಗಿ ‘ತಣ್ಣಗೆ’ ಅನ್ನೋದು ಕೈಪಿಡಿಯಲ್ಲಿ ಕಷ್ಟ. ‘ಕಾವು ಇಳಿದಿದೆ’ ಅಂದರೆ ಹೇಗೆ? ಕೋಳಿ ಕಾವು ಕೂರುತ್ತಲ್ಲ, ಆ ಕಾವು.

ಶಿವಮೊಗ್ಗದಿಂದ:

‘ಕಾವು ಇಳಿದಿದೆ’ ಚೆನ್ನಾಗಿದೆ. ಆದರೆ ಅದರ ಹಿಂದೆಯೇ ‘ಕಾವು ಕೊಡಿ’ ಅಂತ ಬರೆದುಬಿಡುತ್ತೀರಿ ಅನ್ನೋದೇ ನನ್ನ ಭಯ. ಜನ ಬಿಸಿನೀರಿನ ಚೀಲ ತಂದು ಪಾದಕ್ಕೆ ಒತ್ತುತ್ತಾರೆ. ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗಲ್ಲ, ಬೊಬ್ಬೆ ಬರುತ್ತೆ. ‘ಬೆಚ್ಚಗಿಡಿ’ ಅನ್ನಿ. ಬಿದ್ದವರನ್ನು ಎಳೆದಾಡದೆ ಒದ್ದೆ ಬಟ್ಟೆ ಬಿಡಿಸಿ, ಒರೆಸಿ, ಮೈಯ ಕೆಳಗೂ ಮೇಲೂ ಒಣ ಕಂಬಳಿ ಹಾಕಿ. ತಲೆಗೆ ಟೋಪಿ. ಎದೆಗೆ ಎದೆ ತಾಗಿಸಿ ಮನೆಯವರು ಜೊತೆಗೆ ಮಲಗಬಹುದು. ಸರಿಯಾಗಿ ಎಚ್ಚರವಿದ್ದು ನುಂಗಲು ಬಂದರೆ ಮಾತ್ರ ಉಗುರುಬೆಚ್ಚಗಿನ ಸಿಹಿ ಹಾಲು. ಸಕ್ಕರೆ ಕಾಯಿಲೆಯವರಾದರೆ ಗ್ಲುಕೋಮೀಟರಿನಲ್ಲೂ ನೋಡಿ, ಶುಗರ್ ಇಳಿದರೂ ಹೀಗೇ ತೊದಲುತ್ತಾರೆ. ನಿಮ್ಮ ಅತ್ತೆಯಂತೆ ಮಾತು ತೊದಲಿದರೆ ಕಾಯದೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಇದೆಲ್ಲ.

ಮಡಿಕೇರಿಯಿಂದ:

ಶಿವಮೊಗ್ಗದ ಅಕ್ಕ, ಶಿರಸಿಯವರೇ, ಉಪಕಾರವಾಯಿತು. ಸದ್ಯಕ್ಕೆ ‘ಮೈಕಾವು 35ಕ್ಕಿಂತ ಇಳಿದರೆ’ ಅಂತ ಬರೆದಿದ್ದೇನೆ, ಪಕ್ಕದಲ್ಲಿ ಫ್ಯಾರನ್‌ಹೀಟಿನ 95 ಕೂಡ. ಕೆಳಗೆ ‘ಬೆಚ್ಚಗಿಡಿ’. ಧಾರವಾಡ, ಕಲಬುರಗಿ ಕಡೆಯವರು ಇನ್ನೂ ಮಾತಾಡಿಲ್ಲ. ‘ಕಾವು’ ಅಂದರೆ ಅಲ್ಲಿ ಮೊದಲು ಮನಸ್ಸಿಗೆ ಬರೋದು ಏನು?