ಮೈನ್ ಕಂಬಿ 51ಆ, 23ಆ? ತೂಕ ಮಾತ್ರ ಒಂದೇ ಬರ್ತಿದೆ

ಕೇಳಿದವರು (ಬದಿಯಡ್ಕ, ಈಗ ಶಾರ್ಜಾದಲ್ಲಿ)

ಊರಲ್ಲಿ ಮನೆ ಕೆಲಸ ನಡೀತಿದೆ. ಎದುರಿನ ಹಾಲ್ ಒಳ ಅಳತೆ 3 ಮೀಟರ್, 7.1 ಮೀಟರ್. ಸುತ್ತ 20 ಸೆಂಟಿಮೀಟರ್ ಕೆಂಪುಕಲ್ಲಿನ ಗೋಡೆ. ಸ್ಲ್ಯಾಬ್ ಗೋಡೆಯ ಹೊರ ಅಂಚಿನವರೆಗೂ ಬರುತ್ತದೆ, ಅಂದರೆ 3.4 ಮತ್ತು 7.5 ಮೀಟರ್. ಡ್ರಾಯಿಂಗ್‌ನಲ್ಲಿ ಒನ್ ವೇ ಸ್ಲ್ಯಾಬ್ ಅಂತಿದೆ. ಮೈನ್ 10 ಎಂಎಂ 150ಕ್ಕೆ ಒಂದು, ಡಿಸ್ಟ್ರಿಬ್ಯೂಷನ್ 8 ಎಂಎಂ 200ಕ್ಕೆ ಒಂದು, ಅಂಚಿನಿಂದ 50 ಬಿಟ್ಟು ಮೊದಲ ಕಂಬಿ. ಮೇಸ್ತ್ರಿ ಮೈನ್ ಕಂಬಿ 51 ಬೇಕು ಅಂತಾರೆ. ನನ್ನ ಲೆಕ್ಕಕ್ಕೆ 23 ಬಂತು. ವಿಚಿತ್ರ ಅಂದ್ರೆ ಎರಡೂ ಲೆಕ್ಕದಲ್ಲಿ ತೂಕ 105 ಕೆಜಿ ಚಿಲ್ಲರೆ. ಮುಂದಿನ ವಾರ ಕಾಂಕ್ರೀಟ್. ಕಟ್ಟಿಸಿದವರು, ಕಟ್ಟಿದವರು ಸ್ವಲ್ಪ ಹೇಳಿ.

ಕುಂಬಳೆಯಿಂದ

ಎರಡು ವರ್ಷದ ಹಿಂದೆ ನಾನೂ ಮನೆ ಕಟ್ಟಿಸಿದ್ದೆ. ಲೆಕ್ಕ ತುಂಬಾ ಸುಲಭ. ಉದ್ದದಲ್ಲಿ ಎರಡು ಕಡೆಯ 50 ಕಳೀರಿ, ಸ್ಪೇಸಿಂಗ್‌ನಿಂದ ಭಾಗಿಸಿ, ಕೊನೆಗೆ ಒಂದು ಕೂಡಿಸಿ. ಒಂದು ಕೂಡಿಸೋದನ್ನು ಎಲ್ಲರೂ ಮರೀತಾರೆ. ಬೇಲಿಗೆ ಹತ್ತು ಸಂದು ಬೇಕಾದ್ರೆ ಹನ್ನೊಂದು ಗೂಟ ಬೇಕಲ್ವಾ, ಹಾಗೆ. ತೂಕ ಇಬ್ಬರದ್ದೂ ಒಂದೇ ಬಂದಿದೆ ಅಂದ್ರೆ ಮೇಸ್ತ್ರಿ ನಿಮಗೆ ಮೋಸ ಮಾಡಿಲ್ಲ. ಸುಮ್ನೆ ತಲೆಬಿಸಿ ಮಾಡ್ಬೇಡಿ, ಯಾವ ಲೆಕ್ಕ ಆದ್ರೂ ನಡೀತದೆ.

ಪೆರ್ಲದಿಂದ, ಸೈಟ್ ನೋಡಿಕೊಳ್ಳುವವಳು

ಕುಂಬಳೆಯವರ ಬೇಲಿ ಗೂಟದ ಮಾತು ಸರಿ. ಕೊನೆಯ ಮಾತು ಮಾತ್ರ ಒಪ್ಪಬೇಡಿ ದಯವಿಟ್ಟು. ಇಲ್ಲಿ ಅಪಾಯ ಇರೋದೇ ತೂಕ ಒಂದೇ ಬಂದಿರೋದ್ರಲ್ಲಿ.

ಮೇಸ್ತ್ರಿ ಹೇಳಿದ್ದು ಸರಿ. ನೀವು 3.4 ಮೀಟರನ್ನು 150ರಿಂದ ಭಾಗಿಸಿದ್ದೀರಿ ಅನ್ನಿಸುತ್ತದೆ. 3400ರಲ್ಲಿ 100 ಕಳೆದ್ರೆ 3300, ಅದರಲ್ಲಿ 150ರ 22 ಸಂದು, ಕಂಬಿ 23. ಮೈನ್ ಕಂಬಿ ಮಲಗೋದು ಗಿಡ್ಡ ಬದಿಗೆ, ಅಂದರೆ 3.4 ಮೀಟರಿನ ಕಡೆಗೆ. ಆದ್ರೆ ಒಂದರ ಪಕ್ಕ ಒಂದು ಸಾಲಾಗಿ ಬರೋದು 7.5 ಮೀಟರಿನ ಉದ್ದಕ್ಕೆ. ಮೆಟ್ಟಿಲು ನೆನಪು ಮಾಡ್ಕೊಳ್ಳಿ. ಮೆಟ್ಟಿಲಿನ ಅಗಲ ಒಂದು ಕಡೆಗೆ, ಎಷ್ಟು ಮೆಟ್ಟಿಲು ಅಂತ ಎಣಿಸೋದು ಇನ್ನೊಂದು ಕಡೆಗೆ. ಕಂಬಿ ಯಾವ ಕಡೆ ಓಡುತ್ತದೋ ಆ ಅಳತೆಯಿಂದ ಅದರ ಉದ್ದ ಸಿಗುತ್ತದೆ. ಸಂಖ್ಯೆ ಸಿಗೋದು ಅಡ್ಡ ಬದಿಯಿಂದ.

ನಿಮ್ಮ ಮೈನ್: 7500ರಲ್ಲಿ 100 ಕಳೆದು 7400. 150ರಿಂದ ಭಾಗಿಸಿದ್ರೆ 49.33. ಸಂದು ಅರ್ಧ ಇರೋದಿಲ್ಲ, ಹಾಗಾಗಿ 50 ಸಂದು, 51 ಕಂಬಿ. ಸಮನಾಗಿ ಹಂಚಿದ್ರೆ ಸ್ಪೇಸಿಂಗ್ 148 ಬರುತ್ತದೆ. ಡಿಸ್ಟ್ರಿಬ್ಯೂಷನ್ 7.5 ಮೀಟರಿನ ಕಡೆಗೆ ಓಡುತ್ತದೆ, ಸಾಲು ಬರೋದು 3.4ರಲ್ಲಿ. 3300 ಭಾಗಿಸು 200, ಅಂದರೆ 16.5. ಮೇಲಕ್ಕೆ ಹಿಡಿದ್ರೆ 17 ಸಂದು, 18 ಕಂಬಿ, ಸ್ಪೇಸಿಂಗ್ 194. ಮೈನ್‌ನಲ್ಲಿ ಕೆಳಕ್ಕೆ ಹಿಡಿದ್ರೂ 151 ಆಗುತ್ತಿತ್ತು, ಅದಕ್ಕೆ ನಾನು ಜಗಳ ಮಾಡಲ್ಲ. ಡಿಸ್ಟ್ರಿಬ್ಯೂಷನ್‌ನಲ್ಲಿ ಕೆಳಕ್ಕೆ ಹಿಡಿದ್ರೆ 206 ಆಗುತ್ತದೆ, ಡ್ರಾಯಿಂಗ್ ದಾಟಿತು. ಅದಕ್ಕೇ ಯಾವಾಗಲೂ ಮೇಲಕ್ಕೆ ಹಿಡಿಯೋದು ಅಭ್ಯಾಸ ಮಾಡ್ಕೊಂಡಿದ್ದೇನೆ. ಎಕ್ಸೆಲ್‌ನಲ್ಲಿ ಮಾಡೋದಾದ್ರೆ ಎಲ್ಲವನ್ನೂ ಎಂಎಂನಲ್ಲೇ ಹಾಕಿ:

```
=ROUNDUP((7500-2*50)/150,0)+1
=ROUNDUP((3400-2*50)/200,0)+1
```

ಈಗ ತೂಕದ ವಿಷಯ. ಎರಡು ತುದಿಗೆ 25, 25 ಬಿಟ್ಟು ಕತ್ತರಿಸಿದ್ರೆ ಒಂದು ಮೈನ್ ಕಂಬಿ 3.35 ಮೀಟರ್. 51 ಕಂಬಿಗೆ ಸುಮಾರು 171 ಮೀಟರ್. ನಿಮ್ಮ 23 ಕಂಬಿ 7.45ರ ಉದ್ದ, ಅದೂ 171 ಮೀಟರ್. 10 ಎಂಎಂ ಮೀಟರಿಗೆ 0.617 ಕೆಜಿ. ಒಂದು ಕಡೆ 105.4 ಕೆಜಿ, ಇನ್ನೊಂದು ಕಡೆ 105.7. ಇದು ಕಾಕತಾಳೀಯ ಅಲ್ಲ. ಕಂಬಿಯ ಒಟ್ಟು ಉದ್ದ ಹೆಚ್ಚುಕಡಿಮೆ ಸ್ಲ್ಯಾಬಿನ ವಿಸ್ತೀರ್ಣವನ್ನು ಸ್ಪೇಸಿಂಗ್‌ನಿಂದ ಭಾಗಿಸಿದಷ್ಟೇ ಇರುತ್ತದೆ. 3.4ನ್ನು 7.5ರಿಂದ ಗುಣಿಸಿ 0.15ರಿಂದ ಭಾಗಿಸಿ ನೋಡಿ, 170. ಕಂಬಿಯನ್ನು ಯಾವ ಕಡೆಗೆ ಮಲಗಿಸಿದ್ರೂ ಈ ಉತ್ತರ ಬದಲಾಗಲ್ಲ. ಹಾಗಾಗಿ ಬಿಲ್ ನೋಡಿ ಈ ತಪ್ಪು ಹಿಡಿಯಲು ಆಗೋದೇ ಇಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸೈಟ್‌ನಲ್ಲಿ ಹೀಗೇ ಆಗಿತ್ತು. ಕಂಬಿಯ ತೂಕ ತಾಳೆ ಆಯ್ತು ಅಂತ ಪಟ್ಟಿಗೆ ನಾನೇ ಟಿಕ್ ಹಾಕಿದ್ದೆ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಸೆಂಟರಿಂಗ್ ಮೇಲೆ ಹತ್ತಿ ನೋಡಿದ್ರೆ 10 ಎಂಎಂ ಎಲ್ಲಾ ಉದ್ದಕ್ಕೆ ಮಲಗಿದೆ, ಗಿಡ್ಡ ಬದಿಗೆ ಬರೀ 8 ಎಂಎಂ. ರಾತ್ರಿ ಟ್ಯೂಬ್‌ಲೈಟ್ ಕಟ್ಟಿ ಪೂರ್ತಿ ಬಿಚ್ಚಿದೆವು. ಉದ್ದ ಕಂಬಿಗಳನ್ನು ಕತ್ತರಿಸಿ ಮತ್ತೆ ಕಟ್ಟಿದ್ದು. ಕಾಂಕ್ರೀಟ್ ಎರಡು ದಿನ ಮುಂದೆ ಹೋಯ್ತು.

ಬಿಚ್ಚದೆ ಬಿಟ್ಟಿದ್ರೆ ಏನಾಗ್ತಿತ್ತು? ಉದ್ದ ಅಗಲದ ಎರಡರಷ್ಟಕ್ಕಿಂತ ಜಾಸ್ತಿ ಇದ್ದಾಗ ಸ್ಲ್ಯಾಬ್ ಬಾಗೋದು ಹೆಚ್ಚಾಗಿ ಗಿಡ್ಡ ಬದಿಗೆ ಮಾತ್ರ. ನಿಮ್ಮ ಹಾಲೂ ಹಾಗೇ, 7.1ಕ್ಕೆ 3. 10 ಎಂಎಂ 150ಕ್ಕೆ ಹಾಕಿದ್ರೆ ಒಂದು ಮೀಟರ್ ಅಗಲದಲ್ಲಿ 523 ಚದರ ಎಂಎಂ ಉಕ್ಕು ಸಿಗುತ್ತದೆ. 8 ಎಂಎಂ 200ಕ್ಕೆ ಆದ್ರೆ 251. ಭಾರ ಹೊರುವ ಕಡೆಗೆ ಅರ್ಧಕ್ಕಿಂತ ಕಡಿಮೆ ಉಕ್ಕು, ದುಡ್ಡು ಮಾತ್ರ ಪೂರ್ತಿ.

ಮಂಜೇಶ್ವರದಿಂದ

ಅಕ್ಕ, ನಮ್ಮ ಅಡುಗೆಕೋಣೆ 10 ಅಡಿ, 12 ಅಡಿ. ಅದಕ್ಕೆ ಎರಡೂ ಕಡೆಗೆ 8 ಎಂಎಂ 150ಕ್ಕೆ ಹಾಕಿದ್ದಾರೆ, ಡಿಸ್ಟ್ರಿಬ್ಯೂಷನ್ ಅಂತ ಬೇರೆ ಹಾಕಲೇ ಇಲ್ಲ. ನಮಗೆ ಮೋಸ ಆಯ್ತಾ? ಕಾಂಕ್ರೀಟ್ ಆಗಿ ಆರು ತಿಂಗಳಾಯ್ತು.

ಪೆರ್ಲದಿಂದ, ಸೈಟ್ ನೋಡಿಕೊಳ್ಳುವವಳು

ಇಲ್ಲ, ನಿಮ್ಮದು ಬೇರೆ ಕಥೆ. ಕೋಣೆ ಹೆಚ್ಚುಕಡಿಮೆ ಚೌಕ, ನಾಲ್ಕೂ ಕಡೆ ಗೋಡೆ ಇದ್ದರೆ ಅದು ಟೂ ವೇ ಸ್ಲ್ಯಾಬ್. ಎರಡು ಕಡೆಯದ್ದೂ ಮೈನ್ ಕಂಬಿಯೇ. ಎಣಿಸೋ ರೀತಿ ಒಂದೇ, ಹೆಸರು ಮಾತ್ರ ಬೇರೆ. ಡ್ರಾಯಿಂಗ್ ಜೊತೆ ಹೋಲಿಸಿ ನೋಡಿ, ಅಷ್ಟು ಸಾಕು.

ಮುಳ್ಳೇರಿಯದಿಂದ, ಕಂಬಿ ಕಟ್ಟುವ ಕೆಲಸ

ನಾನು ಇಪ್ಪತ್ತೆರಡು ವರ್ಷದಿಂದ ಕಂಬಿ ಕಟ್ತಿದ್ದೇನೆ. ಎಕ್ಸೆಲ್ ಗೊತ್ತಿಲ್ಲ ಮಾರಾಯ್ರೇ, ಸೀಮೆಸುಣ್ಣ ಗೊತ್ತು. ಹಲಗೆಯ ಎರಡೂ ಬದಿಗೆ ಗುರುತು ಹಾಕಿ, ಆಮೇಲೆ ಕಂಬಿ ಇಡೋದು. ಒಂದೇ ಬದಿಗೆ ಹಾಕಿದ್ರೆ ಆ ಕಡೆ ಹೋಗುವಾಗ ಕಂಬಿ ಓರೆಯಾಗ್ತದೆ.

ಒಂದು ವಿಷಯ ಯಾರೂ ಕೇಳಿಲ್ಲ. ಆ 50 ಎಲ್ಲಿಂದ? ಸ್ಲ್ಯಾಬಿನ ಹೊರ ಅಂಚಿನಿಂದಲಾ, ಗೋಡೆಯ ಒಳಮುಖದಿಂದಲಾ? ನಾನು ಕೆಲಸ ಮಾಡಿದ ಕೆಲವು ಡ್ರಾಯಿಂಗ್‌ಗಳಲ್ಲಿ ಒಳಮುಖದಿಂದ ಇತ್ತು. ಆಗ 7100ರಲ್ಲಿ 100 ಕಳೆದು 7000, ಸಂದು 47, ಕಂಬಿ 48 ಸಾಕು. ಗೋಡೆ ಮೇಲೆ ಕೂತ ಮೈನ್ ಕಂಬಿ ಯಾವ ಭಾರವನ್ನೂ ಹೊರಲ್ಲ, ಕೆಳಗೆ ಗೋಡೆಯೇ ಇದೆಯಲ್ಲ.

ಇನ್ನೊಂದು, ಈ ಕಡೆ ಒಂದು ಬಿಟ್ಟು ಒಂದು ಕಂಬಿಯನ್ನು ಕ್ರ್ಯಾಂಕ್ ಮಾಡಿ ಮೇಲೆತ್ತೋದು ಜಾಸ್ತಿ. ಅದರಿಂದ ಮೈನ್ ಸಂಖ್ಯೆ ಬದಲಾಗಲ್ಲ, ಒಂದು ಕ್ರ್ಯಾಂಕಿಗೆ ಮೂರು ಸೆಂಟಿಮೀಟರ್ ಉದ್ದ ಹೆಚ್ಚು ಹಿಡೀಬೇಕು ಅಷ್ಟೆ. ಆದ್ರೆ ಗೋಡೆ ಹತ್ತಿರ ಮೇಲೆದ್ದ ಭಾಗಕ್ಕೆ 8 ಎಂಎಂ ಕಟ್ಟಬೇಕಲ್ಲ, ಅದು ಅಕ್ಕ ಹೇಳಿದ 18ರಲ್ಲಿ ಸೇರಿಲ್ಲ. ಎರಡೂ ಬದಿಗೆ ಎರಡೋ ಮೂರೋ ಬೇರೆ ತೆಗೆದಿಡಿ. ಇಲ್ಲಾಂದ್ರೆ ಕೊನೆ ಗಳಿಗೆಯಲ್ಲಿ ಕೆಳಗಿಂದ ಬಿಚ್ಚಿ ಮೇಲೆ ಕಟ್ತಾರೆ. ನಾನೇ ನೋಡಿದ್ದೇನೆ.

ಪೆರ್ಲದಿಂದ, ಸೈಟ್ ನೋಡಿಕೊಳ್ಳುವವಳು

ಮೇಲಿನ 8 ಎಂಎಂ ನನಗೆ ಹೊಳೆದಿರಲಿಲ್ಲ, ಅದು ಸರಿ. 48ರ ವಿಷಯದಲ್ಲಿ ಅಣ್ಣನ ಜೊತೆ ಪೂರ್ತಿ ಒಪ್ಪಲ್ಲ. ಗೋಡೆ ಮೇಲಿನ ಕಂಬಿ ಭಾರ ಹೊರಲ್ಲ ನಿಜ. ಆದ್ರೆ ಡಿಸ್ಟ್ರಿಬ್ಯೂಷನ್ ತುದಿ ಕಟ್ಟಲು ಅಂಚಿನಲ್ಲಿ ಏನಾದ್ರೂ ಇರಬೇಕು, ಇಲ್ಲಾಂದ್ರೆ ಕಾಂಕ್ರೀಟ್ ಸುರಿಯುವಾಗ ಆ ತುದಿಗಳು ಅಲ್ಲಾಡ್ತವೆ. ಗೋಡೆ ಮೇಲೆ ಒಂದೊಂದು ಹಾಕಿದ್ರೂ 50 ಆಗ್ತದೆ. ಮೂರು ಕಂಬಿ ಉಳಿಸೋದಕ್ಕೆ ಹೋಗಿ ಪ್ರಯೋಜನ ಇಲ್ಲ ಅಂತ ನನ್ನ ಅಭಿಪ್ರಾಯ.

ಸೈಟ್‌ನಲ್ಲಿ ಎಣಿಸುವಾಗ ಒಂದು ಮಾಡಿ. ಒಂದು ಕಂಬಿಯ ಮಧ್ಯಕ್ಕೆ ಟೇಪ್ ಹಿಡಿದು ಹನ್ನೊಂದನೇ ಕಂಬಿಯ ಮಧ್ಯದವರೆಗೆ ಅಳೆಯಿರಿ. ಹತ್ತು ಸಂದು, 1.5 ಮೀಟರಿಗಿಂತ ಹೆಚ್ಚಿರಬಾರದು. ಹತ್ತನೇ ಕಂಬಿಗೆ ಅಳೆದು ಸರಿ ಇದೆ ಅಂತ ಬಿಟ್ಟವರನ್ನು ನೋಡಿದ್ದೇನೆ, ಅಲ್ಲಿ ಸ್ಪೇಸಿಂಗ್ 165 ಇದ್ರೂ ಟೇಪ್ 1.5 ದಾಟಲ್ಲ. ಮಧ್ಯದಲ್ಲೂ ಒಂದು ಸಲ ಅಳೆಯಿರಿ. ಎರಡು ಕಡೆಯಿಂದ ಕಟ್ಟುತ್ತಾ ಬಂದಾಗ ಹೊಂದದೆ ಉಳಿದ ದೊಡ್ಡ ಸಂದು ಅಲ್ಲೇ ಇರೋದು.

ಕೇಳಿದವರು

ಅಪ್ಪ ವಿಡಿಯೋ ಕಾಲ್‌ನಲ್ಲಿ ಸೆಂಟರಿಂಗ್ ಮೇಲೆ ನಿಂತು ತೋರಿಸಿದ್ರು. ದಪ್ಪ ಕಂಬಿ ಗಿಡ್ಡ ಬದಿಗೆ, ಕವರ್ ಬ್ಲಾಕ್ ಮೇಲೆ ಕೆಳಗಡೆ ಇದೆ. 8 ಎಂಎಂ ಅದರ ಮೇಲೆ ಅಡ್ಡಕ್ಕೆ. ಹನ್ನೊಂದನೇ ಕಂಬಿಗೆ 1.48 ಬಂತು. ಮಧ್ಯದಲ್ಲಿ ಅಳೆದಾಗ 1.56. ಮೇಸ್ತ್ರಿ ತಾನೇ ನೋಡಿ ನಾಲ್ಕು ಕಂಬಿ ಬಿಚ್ಚಿ ಸರಿ ಮಾಡ್ತಿದ್ದಾರಂತೆ.

12 ಮೀಟರಿನ ಒಂದು ರಾಡಿನಿಂದ 3.35ರ ಮೂರು ತುಂಡು, ಹಾಗಾಗಿ 17 ರಾಡ್ ತಂದಿದ್ರಂತೆ. ಪ್ರತಿಯೊಂದರಲ್ಲೂ ಎರಡು ಮೀಟರ್ ಹತ್ತಿರ ತುಂಡು ಉಳಿದಿದೆ. ಅದನ್ನು ಸನ್‌ಶೇಡ್‌ಗೆ ಹಾಕಬಹುದಾ ಅಂತ ಮೇಸ್ತ್ರಿ ಕೇಳ್ತಿದ್ದಾರೆ. 50 ಎಲ್ಲಿಂದ ಅಂತ ಡ್ರಾಯಿಂಗ್‌ನಲ್ಲಿ ಬಾಣದ ಗುರುತು ಸರಿ ಕಾಣಲ್ಲ, ಇಂಜಿನಿಯರ್ ಫೋನ್ ಎತ್ತಿಲ್ಲ.

ಮುಳ್ಳೇರಿಯದಿಂದ, ಕಂಬಿ ಕಟ್ಟುವ ಕೆಲಸ

ಸನ್‌ಶೇಡಿಗೆ ಎಷ್ಟು ಉದ್ದ ಹೊರಗೆ, ಎಷ್ಟು ಒಳಗೆ ಅಂತ ಹೇಳಿ, ಆಮೇಲೆ ನೋಡುವ. ಅದರಲ್ಲಿ ಮೈನ್ ಕಂಬಿ ಮೇಲೆ ಬರ್ತದೆ, ಕೆಳಗಲ್ಲ. ಮೇಸ್ತ್ರಿಗೆ ಗೊತ್ತಿರಬಹುದು, ಆದ್ರೂ ಒಂದು ಸಲ ಕೇಳಿ ನೋಡಿ.