ಆಪರೇಷನ್ ಥಿಯೇಟರ್ ಲಿಸ್ಟ್ ಐದಕ್ಕೆ ಮುಗಿಯೋದು ಹೇಗೆ?

ಹಾವೇರಿ, ನರ್ಸಿಂಗ್ ಹೋಮ್ ಮ್ಯಾನೇಜರ್: ನಮ್ಮಲ್ಲಿ ಒಂದೇ ಓಟಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಐದು ಕೇಸ್ ಹಾಕುತ್ತೇವೆ. ದಿನಾ ಆರೂವರೆ, ಏಳು ಆಗುತ್ತಿದೆ. ಕ್ಲೀನಿಂಗ್‌ನವರು ನಿಧಾನ ಅಂತ ಸರ್ಜನ್ ಬೈಯ್ತಾರೆ. ಏನು ಮಾಡಲಿ?

ಹುಬ್ಬಳ್ಳಿ, ಓಟಿ ಟೆಕ್ನಿಷಿಯನ್: ಒಬ್ಬರ ಜಾಗದಲ್ಲಿ ಇಬ್ಬರನ್ನು ಹಾಕಿ ಸರ್. ಒಬ್ಬರು ಟೇಬಲ್, ಲೈಟ್, ಅನಸ್ಥೇಷಿಯಾ ಮಷಿನ್ ಒರೆಸಲಿ, ಇನ್ನೊಬ್ಬರು ಕಸ, ಬಟ್ಟೆ ತೆಗೆದು ಕೊನೆಗೆ ನೆಲ ಒರೆಸಲಿ. ಔಷಧಿ ಒರೆಸಿದ ಕೂಡಲೇ ಒಣ ಬಟ್ಟೆ ಹಾಕಿದರೆ ಐದೇ ನಿಮಿಷ.

ಗದಗ, ಓಟಿ ಸಿಸ್ಟರ್: ಇಬ್ಬರು ಬೇಕು ಅನ್ನೋದು ಸರಿ ತಮ್ಮಾ, ಆದರೆ ಒಣ ಬಟ್ಟೆ ಬೇಡ. ಔಷಧಿ ಡಬ್ಬಿ ಮೇಲೆ ಬರೆದಷ್ಟು ನಿಮಿಷ ಜಾಗ ಒದ್ದೆಯಾಗೇ ಇರಬೇಕು. ಇಲ್ಲಾಂದ್ರೆ ಸುಮ್ನೆ ನೀರು ಒರೆಸಿದಂಗೆ.

ಸರ್, ಕ್ಲೀನಿಂಗ್‌ನವರನ್ನು ಬೈಯೋ ಮೊದಲು ಎರಡು ವಾರ ಒಂದು ವಹಿ ಇಡಿ. ರೋಗಿ ಒಳಗೆ ಬಂದದ್ದು, ಕೊಯ್ದದ್ದು, ಹೊಲಿಗೆ ಮುಗಿದದ್ದು, ರೋಗಿ ಹೊರಗೆ ಹೋದದ್ದು, ನೆಲ ಒಣಗಿದ್ದು, ಮುಂದಿನವರು ಬಂದದ್ದು. ಆರು ಹೊತ್ತು, ಗೋಡೆ ಗಡಿಯಾರ ನೋಡಿಯೇ ಬರೆಯಬೇಕು. ನಮ್ಮಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಬರೋದಕ್ಕೆ 35 ನಿಮಿಷ ಹಿಡಿಯುತ್ತಿತ್ತು. ಅದರಲ್ಲಿ ಕ್ಲೀನಿಂಗ್ ಬರೀ 14. ಉಳಿದದ್ದು ವಾರ್ಡಿನಲ್ಲಿ. ಫೋನ್ ಹೋದ ಮೇಲೆ ಫೈಲ್ ಹುಡುಕೋದು, ಸಹಿ ಮಾಡಬೇಕಾದ ಮಗ ಚಹಾಕ್ಕೆ ಹೋಗಿರೋದು, ಕೈಬಳೆ ತೆಗೆಯೋದು, ಸ್ಟ್ರೆಚರ್ ಎಲ್ಲಿದೆ ಅನ್ನೋದು. ಈಗ ಸರ್ಜನ್ ಚರ್ಮದ ಹೊಲಿಗೆ ಶುರು ಮಾಡಿದಾಗಲೇ ವಾರ್ಡಿಗೆ ಫೋನ್. ಮುಂದಿನ ರೋಗಿ ಓಟಿ ಬಾಗಿಲ ಹೊರಗಿನ ಕೋಣೆಯಲ್ಲಿ ತಯಾರಾಗಿರುತ್ತಾರೆ. 20 ನಿಮಿಷಕ್ಕೆ ಬಂತು. ಕ್ಲೀನಿಂಗ್‌ನಲ್ಲಿ ಒಂದು ನಿಮಿಷವೂ ಕಡಿಮೆ ಮಾಡಿಲ್ಲ.

ಇನ್ನೊಂದು, ಸರ್ಜನ್ ಹೇಳೋ ಟೈಮು ಕೊಯ್ಯೋದರಿಂದ ಹೊಲಿಯೋವರೆಗೆ ಮಾತ್ರ. ಸ್ಪೈನಲ್ ಕೊಡೋದು, ಮಲಗಿಸೋದು, ಬಟ್ಟೆ ಹೊದಿಸೋದು, ಕೊನೆಗೆ ಎಚ್ಚರ ಮಾಡೋದು ಅದರಲ್ಲಿ ಇಲ್ಲ. ನಮ್ಮ ವಹಿಯಲ್ಲಿ ಅದಕ್ಕೆ ಕೇಸಿಗೆ ಸುಮಾರು 35 ನಿಮಿಷ.

ನಮ್ಮ ಒಂದು ದಿನದ ಲಿಸ್ಟ್ ನೋಡಿ. ಎರಡು ಹರ್ನಿಯಾ 45-45, ಹೈಡ್ರೋಸೀಲ್ 30, ದುರ್ಬೀನಿನಲ್ಲಿ ಪಿತ್ತಕೋಶ 75, ಬೆನ್ನಿನ ಗಡ್ಡೆ 30. ಕೂಡಿಸಿದರೆ 225 ನಿಮಿಷ, ಅರ್ಧ ದಿನ ಅನ್ನಿಸುತ್ತೆ. ಐದು ಕೇಸಿಗೆ 35ರಂತೆ 175 ಸೇರಿಸಿ, 400. ನಡುವಿನ ನಾಲ್ಕು ಸಲಕ್ಕೆ 35ರಂತೆ 140. ಒಟ್ಟು 540, ಅಂದ್ರೆ ಒಂಬತ್ತು ತಾಸು. ಸರ್ಜನ್ ಹುಬ್ಬಳ್ಳಿಯಿಂದ ಬಂದು ಒಂಬತ್ತೂವರೆಗೆ ಶುರು ಮಾಡಿದರೆ ಸಂಜೆ ಆರೂವರೆ. ನಡುವಿನದ್ದು 20ಕ್ಕೆ ಇಳಿದರೂ ಐದೂವರೆ. ಹಂಗಾಗಿ ಗಡ್ಡೆಯನ್ನು ಲಿಸ್ಟಿನಿಂದ ತೆಗೆದು, ಅಲ್ಲಷ್ಟೇ ಮರಗಟ್ಟಿಸಿ ಮೈನರ್ ಓಟಿಯಲ್ಲಿ ಮಾಡಿಸಿದೆವು. ನಾಲ್ಕು ಗಂಟೆ ಐದು ನಿಮಿಷಕ್ಕೆ ಮುಗಿಯೋ ಲೆಕ್ಕ. ಉಳಿದ 55 ನಿಮಿಷ ತುಂಬಬೇಡಿ, ಯಾವಾಗ ಸಿಸೇರಿಯನ್ ಬರುತ್ತೋ ಹೇಳೋಕಾಗಲ್ಲ.

ಧಾರವಾಡ, ರೋಗಿಯ ಮಗಳು: ನೀವು ಮುಗಿಯೋ ಟೈಮ್ ಹೇಳ್ತಾ ಇದ್ದೀರಿ. ನಮ್ಮ ಅವ್ವನಿಗೆ ಬೆಳಿಗ್ಗೆ ಒಂಬತ್ತು ಅಂದಿದ್ದರು, ಒಳಗೆ ಕರೆದದ್ದು ಮಧ್ಯಾಹ್ನ ಮೂರಕ್ಕೆ. ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕೊಟ್ಟಿರಲಿಲ್ಲ. ಅದಕ್ಕೇನು ಹೇಳ್ತೀರಿ?

ಹುಬ್ಬಳ್ಳಿ, ಅನಸ್ಥೇಷಿಯಾ ಡಾಕ್ಟರ್: ಅದೂ ಇದೇ ಲಿಸ್ಟಿನ ತಪ್ಪೇ ಅಮ್ಮಾ. ಬೇರೆ ತೊಂದರೆ ಇಲ್ಲದವರಿಗೆ ಊಟ ಆರು ತಾಸು ಮೊದಲು ನಿಲ್ಲಿಸಿದರೆ ಸಾಕು, ಬರೀ ನೀರು ಎರಡು ತಾಸು ಮೊದಲಿನವರೆಗೂ ಕುಡೀಬಹುದು. ಎಲ್ಲರಿಗೂ ಒಂಬತ್ತು ಅಂತ ಬರೆದರೆ ಕೊನೆಯವರಿಗೆ ಉಪವಾಸವೇ ಗತಿ.

ಮ್ಯಾನೇಜರ್ ಸರ್, ಪಿತ್ತಕೋಶವನ್ನು ಕೊನೆಗೆ ಹಾಕಿ. ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯಬೇಕಾಗುತ್ತೆ, 75 ನಿಮಿಷ ಎರಡೂವರೆ ತಾಸಾಗುತ್ತೆ. ಮೊದಲೇ ಹಾಕಿದರೆ ಹಿಂದಿನ ಮೂವರೂ ಕಾಯಬೇಕು. ಸಕ್ಕರೆ ಕಾಯಿಲೆಯವರಿದ್ದರೆ ಅವರು ಮಾತ್ರ ಮೊದಲು.

ಗದಗ, ಓಟಿ ಸಿಸ್ಟರ್: ನಾನು ಒಪ್ಪಲ್ಲ ಸರ್. ಕೊನೆಗೆ ಹಾಕಿದಾಗ ಹೊಟ್ಟೆ ತೆರೆದು, ನಡುವೆ ಒಂದು ಸಿಸೇರಿಯನ್ನೂ ಬಂದರೆ ರಾತ್ರಿಯಾಗುತ್ತೆ. ಆಗ ವಾರ್ಡಿನಲ್ಲೂ ಜನ ಕಡಿಮೆ. ದೊಡ್ಡದು ಬೆಳಿಗ್ಗೆ ಮುಗಿದರೆ ಕಷ್ಟ ಆದಾಗ ಹೈಡ್ರೋಸೀಲ್ ನಾಳೆಗೆ ಹೋದೀತು.

ಹುಬ್ಬಳ್ಳಿ, ಓಟಿ ಟೆಕ್ನಿಷಿಯನ್: ಸಿಸ್ಟರ್, ಎರಡು ಹರ್ನಿಯಾ ಬೆನ್ನಿಗೆ ಬೆನ್ನಿಗೆ ಹಾಕ್ತೀರಾ? ನಮ್ಮಲ್ಲಿ ಹರ್ನಿಯಾ ಉಪಕರಣದ ಸೆಟ್ ಒಂದೇ.

ಗದಗ, ಓಟಿ ಸಿಸ್ಟರ್: ನಡುವೆ ಹೈಡ್ರೋಸೀಲ್ ಹಾಕ್ತಿದ್ವಿ. ಉಪಕರಣ ಹಬೆಯಲ್ಲಿ ಶುದ್ಧ ಮಾಡೋ ಆಟೋಕ್ಲೇವ್ 121 ಡಿಗ್ರಿಯಲ್ಲಿ ನಿಲ್ಲೋದು 30 ನಿಮಿಷ ಅಷ್ಟೇ, ಆದರೆ ತೊಳೆದು, ಕಾಯಿಸಿ, ಒತ್ತಡ ಇಳಿಸಿ, ಸುತ್ತಿದ ಬಟ್ಟೆ ಒಣಗೋ ತನಕ ಒಂದೂವರೆ ತಾಸು ಹಿಡಿಯುತ್ತೆ. ಬಟ್ಟೆ ಒದ್ದೆ ಇದ್ದರೆ ಆ ಸೆಟ್ ತೆರೆಯಂಗಿಲ್ಲ, ತಿರುಗಿ ಹಾಕಬೇಕು. ಹೈಡ್ರೋಸೀಲ್ ಬೇಗ ಮುಗಿದರೆ ಸ್ವಲ್ಪ ಕಾಯಲೇಬೇಕಿತ್ತು. ಒಂದು ವರ್ಷ ಹೇಳಿ ಹೇಳಿ ಎರಡನೇ ಸೆಟ್ ತರಿಸಿದೆವು.

ಹಾವೇರಿ, ನರ್ಸಿಂಗ್ ಹೋಮ್ ಮ್ಯಾನೇಜರ್: ಮೂರು ದಿನ ವಹಿ ಬರೆಸಿದೆ. ಕ್ಲೀನಿಂಗ್ 16, ನಡುವಿನದ್ದು 41. ಸರ್ಜನ್‌ಗೆ ತೋರಿಸಿದೆ, ಸುಮ್ಮನಾದರು. ಪಿತ್ತಕೋಶ ಮೊದಲೋ ಕೊನೆಗೋ ಅಂತ ಅವರನ್ನೂ ಕೇಳಿದೆ. "ನಾನು ಬಂದಾಗ" ಅಂದರು.