ಸಹಾಯ ಬೇಕು: ಅರ್ಧ ದಾರಿಯಲ್ಲಿ ಹೇಳಿಕೊಳ್ಳಲು ಒಂದು ಮಾತು

ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಹೋದ ಸಲ 22ನೇ ಕಿಲೋಮೀಟರಿಗೇ ಕಾಲು ‘ಸಾಕು’ ಅಂದುಬಿಟ್ಟಿತು. ಇನ್ನೂ 20 ಬಾಕಿ! ಮನಸ್ಸಿನಲ್ಲೇ ‘ನೋವಿಲ್ಲ, ನೋವಿಲ್ಲ’ ಅಂದುಕೊಂಡೆ. ನೋವೇ ಜಾಸ್ತಿ ನೆನಪಾಯಿತು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಹೇಳಿ ನೋಡಿದೆ. ಉದ್ದವಾಯಿತು, ಉಸಿರಿಗೆ ಹೊಂದಲಿಲ್ಲ.

ಈಗ ಅದನ್ನೇ ಕತ್ತರಿಸಿ ‘ಹನಿ, ಹನಿ, ಹಳ್ಳ’ ಮಾಡಿಕೊಂಡಿದ್ದೇನೆ. ಹೆಜ್ಜೆಗೊಂದು ಪದ. ಮೂರೇ ಪದ ಇರುವುದರಿಂದ ‘ಹಳ್ಳ’ ಒಮ್ಮೆ ಬಲಗಾಲಿಗೆ, ಒಮ್ಮೆ ಎಡಗಾಲಿಗೆ ಬೀಳುತ್ತದೆ. ಸಮತಟ್ಟು ರಸ್ತೆಗೆ ಇದು ಸಾಕು. ಆದರೆ ಪೆಡ್ಡರ್ ರೋಡ್ ಏರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ತಾಳ ತಪ್ಪುತ್ತದೆ ಅಲ್ವಾ?

ಅಲ್ಲಿಗೆ ಎರಡೇ ಪದದ, ‘ಇಲ್ಲ’, ‘ಬೇಡ’ ಬಾರದ ಮಾತು ಗೊತ್ತಿದ್ದರೆ ಹೇಳಿ. ಮಂಡಿ ಚುಚ್ಚಿದರೆ ನಿಂತುಬಿಡುತ್ತೇನೆ. ಇದು ಬರೀ ಸುಸ್ತಿಗೆ.